ಗಂಟೆಗೆ ಎಷ್ಟು ಹಾಕಿದರೆ ಉಳಿತಾಯಕ್ಕೂ ಸಾಲುತ್ತದೆ?

ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡುವವರಿಗೆ ಶಿವಮೊಗ್ಗದಲ್ಲಿ ಈಗ ಕೆಲಸಕ್ಕೇನೂ ಬರವಿಲ್ಲ. ಲಗ್ನಪತ್ರಿಕೆ, ಅಂಗಡಿ ಬೋರ್ಡು, ತೀರ್ಥಹಳ್ಳಿ ಕಡೆಯ ಹೋಂಸ್ಟೇಗಳ ಬ್ರೋಷರ್, ಹೀಗೆ ಏನಾದರೂ ಒಂದು ಬರುತ್ತಲೇ ಇರುತ್ತದೆ. ಆದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹೆಚ್ಚಿನವರ ವಿಷಯದಲ್ಲಿ ಇದಕ್ಕೆ ಕಾರಣ ದುಂದುವೆಚ್ಚ ಅಲ್ಲ, ದರ ಕಟ್ಟುವ ಲೆಕ್ಕ.

ಸಾಮಾನ್ಯವಾಗಿ ಮಾಡುವ ಲೆಕ್ಕ ಹೀಗಿರುತ್ತದೆ. ತಿಂಗಳಿಗೆ ಮನೆ ಖರ್ಚು 28,000 ರೂಪಾಯಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಕೆಲಸ. ಭಾಗಿಸಿದರೆ ಗಂಟೆಗೆ ಸುಮಾರು 135 ರೂಪಾಯಿ. ಸ್ವಲ್ಪ ಲಾಭವೂ ಇರಲಿ ಎಂದು 200 ಹೇಳುತ್ತಾರೆ. ನೋಡೋಕೆ ಸರಿಯಾಗಿಯೇ ಇದೆ, ಅಲ್ವಾ? ವಿನೋಬನಗರದಲ್ಲಿ ಬಾಡಿಗೆ ಮನೆಯಲ್ಲಿರುವ ಒಬ್ಬ ಡಿಸೈನರ್ ಎಂದು ಇಟ್ಟುಕೊಂಡು, ಇದೇ ಲೆಕ್ಕವನ್ನು ಮೊದಲಿನಿಂದ ಮಾಡಿ ನೋಡೋಣ. ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಮೊದಲು ಗಂಟೆಗಳನ್ನು ಎಣಿಸಿ

ದುಡ್ಡಿನಿಂದ ಶುರು ಮಾಡಬೇಡಿ, ದಿನಗಳಿಂದ ಶುರು ಮಾಡಿ. ವರ್ಷದ 365 ದಿನಗಳಲ್ಲಿ ಭಾನುವಾರಗಳು 52. ಹಬ್ಬ, ನೆಂಟರ ಮನೆ ಮದುವೆ, ಊರಿನ ದೇವರ ಕಾರ್ಯ ಎಂದು 23 ದಿನ. ಜ್ವರ, ನೆಗಡಿ, ಆಸ್ಪತ್ರೆ ಎಂದು 10 ದಿನ. ಉಳಿಯುವುದು 280.

ಇನ್ನು ಕೆಲಸವೇ ಇಲ್ಲದ ದಿನಗಳು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಲೆನಾಡಿನಲ್ಲಿ ಹೆಚ್ಚು ಹೊಡೆತ ಕೊಡುವುದೂ ಇದೇ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ಲಗ್ನಪತ್ರಿಕೆಯೂ ಇಲ್ಲ. ಜಡಿಮಳೆ ಹಿಡಿದರೆ ಹೊಸ ಅಂಗಡಿಯ ಪ್ರಾರಂಭೋತ್ಸವಗಳು ಮುಂದಕ್ಕೆ ಹೋಗುತ್ತವೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಆ ದಿನ ಮುಗಿದ ಹಾಗೆ. ವರ್ಷಕ್ಕೆ ಇಂಥ 40 ದಿನ ಇಟ್ಟುಕೊಳ್ಳಿ. ಈಗ ಉಳಿದದ್ದು 240 ದಿನ.

ಈ 240 ದಿನವೂ ಎಂಟೆಂಟು ಗಂಟೆ ಬಿಲ್ ಆಗುವುದಿಲ್ಲ. ಗಿರಾಕಿಯ ಫೋನು, ವಾಟ್ಸಾಪಿನಲ್ಲಿ ಬಂದ ಮಸುಕು ಫೋಟೋ ಬದಲು ಬೇರೆ ಕೇಳುವುದು, ದುರ್ಗಿಗುಡಿಯ ಪ್ರೆಸ್ಸಿಗೆ ಹೋಗಿ ಬಣ್ಣ ನೋಡುವುದು, ಬಾಕಿ ವಸೂಲಿ, ಕೈಗೂಡದ ಕೆಲಸಗಳಿಗೆ ದರ ಬರೆದು ಕಳಿಸುವುದು. ಇದೆಲ್ಲ ಕೆಲಸವೇ, ಆದರೆ ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ದಿನಕ್ಕೆ 5 ಗಂಟೆ ಬಿಲ್ ಆದರೆ ಅದೇ ಜಾಸ್ತಿ. ಅಲ್ಲಿಗೆ ವರ್ಷಕ್ಕೆ 1,200 ಗಂಟೆ. ಮೇಲಿನ ಲೆಕ್ಕದವರು ಅಂದುಕೊಂಡಿದ್ದು ಸುಮಾರು 2,500 ಗಂಟೆ! ಗಂಟೆಗೆ 200ರಂತೆ 1,200 ಗಂಟೆಗೆ ಬರುವುದು 2,40,000 ರೂಪಾಯಿ. ಮನೆ ಖರ್ಚೇ 3,36,000 ಇದೆ.

ಆಮೇಲೆ ದುಡ್ಡು

ಮನೆ ಖರ್ಚಿನ ಮೇಲೆ ಆರೋಗ್ಯ ವಿಮೆಗೆ ವರ್ಷಕ್ಕೆ 18,000 ಸೇರಿಸಿ. ಕೆಲಸದ ಮೇಲ್ಖರ್ಚು ಬೇರೆಯೇ ಇದೆ. 80,000 ರೂಪಾಯಿಯ ಕಂಪ್ಯೂಟರ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 20,000. ಇನ್ವರ್ಟರ್ ಬ್ಯಾಟರಿಯನ್ನೂ ಹೀಗೇ ಹಂಚಿದರೆ 4,000. ಸಾಫ್ಟ್‌ವೇರ್ ಚಂದಾ 24,000. ಇಂಟರ್ನೆಟ್, ಫೋನ್, ಕರೆಂಟ್ ಬಿಲ್ಲಿನ ಪಾಲು, ಪೆಟ್ರೋಲ್, ರಿಪೇರಿ ಎಲ್ಲ ಸೇರಿ 42,000. ಒಟ್ಟು 90,000. ಕಂಪ್ಯೂಟರನ್ನು ‘ಅದು ಆಗಲೇ ತಗೊಂಡಾಗಿದೆ’ ಎಂದು ಬಿಟ್ಟುಬಿಟ್ಟರೆ, ಅದು ಕೆಟ್ಟ ದಿನ ಉಳಿತಾಯಕ್ಕೇ ಕೈ ಹಾಕಬೇಕಾಗುತ್ತದೆ.

ಉಳಿತಾಯವನ್ನೂ ಇದೇ ಪಟ್ಟಿಯಲ್ಲಿ ಬರೆಯಿರಿ. ನೌಕರಿಯಲ್ಲಿದ್ದವರಿಗೆ ಸಂಬಳ ಕೈಗೆ ಸೇರುವ ಮೊದಲೇ ಪಿಎಫ್ ಕಡಿತವಾಗುತ್ತದೆ, ಕಂಪನಿಯೂ ತನ್ನ ಪಾಲು ಹಾಕುತ್ತದೆ. ಸ್ವಂತ ಕೆಲಸದವರಿಗೆ ಆ ಎರಡೂ ಪಾಲು ಗಂಟೆಯ ದರದಿಂದಲೇ ಬರಬೇಕು. ತಿಂಗಳಿಗೆ 8,000ದಂತೆ 96,000 ಇಡೋಣ.

ಎಲ್ಲ ಕೂಡಿದರೆ 5,40,000 ರೂಪಾಯಿ. ಇದು ಕೈಗೆ ಬರಲೇಬೇಕಾದ ಮೊತ್ತ. ಬಿಲ್ ಮಾಡಿದ್ದೆಲ್ಲ ಕೈಗೆ ಬರುವುದಿಲ್ಲ. ಕೆಲವರು ಅರ್ಧ ಕೊಟ್ಟು ಸುಮ್ಮನಾಗುತ್ತಾರೆ, ಕೆಲವರು ಕೊನೆಯಲ್ಲಿ ‘ಅಷ್ಟು ಬಿಡಿ ಮಾರಾಯ್ರೇ’ ಎನ್ನುತ್ತಾರೆ. ನೂರಕ್ಕೆ ಹತ್ತು ಹೀಗೆ ಹೋಗುತ್ತದೆ ಎಂದುಕೊಂಡರೆ, 5,40,000ಕ್ಕೆ ಶೇ 10 ಕೂಡಿಸಬೇಡಿ, 0.9ರಿಂದ ಭಾಗಿಸಿ. ಆಗ 6,00,000 ಬರುತ್ತದೆ. ಅದರಲ್ಲಿ ಹತ್ತನೇ ಒಂದು ಭಾಗ ಹೋದರೆ ಸರಿಯಾಗಿ 5,40,000 ಉಳಿಯುತ್ತದೆ. 6,00,000ವನ್ನು 1,200 ಗಂಟೆಗೆ ಹಂಚಿದರೆ ದರ ಗಂಟೆಗೆ 500.

ಗಿರಾಕಿಗೆ ಹೇಳುವುದು ಒಟ್ಟು ಮೊತ್ತ

ನಮ್ಮ ಕಡೆ ಗಂಟೆಗೆ ಇಷ್ಟು ಎಂದರೆ ಯಾರೂ ಒಪ್ಪುವುದಿಲ್ಲ. ‘ಒಟ್ಟು ಎಷ್ಟಾಗುತ್ತೆ ಹೇಳಿ’ ಎನ್ನುತ್ತಾರೆ. ಗಂಟೆಯ ದರ ನಿಮ್ಮ ಪುಸ್ತಕದಲ್ಲೇ ಇರಲಿ. ಹೋಂಸ್ಟೇಯ ನಾಲ್ಕು ಪುಟದ ಬ್ರೋಷರ್‌ಗೆ ಡಿಸೈನ್ 9 ಗಂಟೆ, ಎರಡು ಸುತ್ತಿನ ಕರೆಕ್ಷನ್ 3 ಗಂಟೆ. ಒಟ್ಟು 12 ಗಂಟೆಗೆ 6,000. ಅರ್ಧ ಅಡ್ವಾನ್ಸ್, ಪ್ರಿಂಟಿಂಗ್ ಬಿಲ್ ಪ್ರೆಸ್ಸಿಗೆ ಅವರೇ ಕೊಡುವುದು, ಮೂರನೇ ಸುತ್ತಿನಿಂದ ಗಂಟೆಗೆ 500 ಹೆಚ್ಚು. ಇಷ್ಟನ್ನು ಕೆಲಸ ಶುರುವಾಗುವ ಮೊದಲೇ ವಾಟ್ಸಾಪಿನಲ್ಲಿ ಬರೆದು ಕಳಿಸಿ, ಅವರ ಒಪ್ಪಿಗೆಯನ್ನೂ ಅಲ್ಲೇ ತಗೊಳ್ಳಿ.

ಈಗ ಚೌಕಾಸಿ ಶುರುವಾಗುತ್ತದೆ. ‘ಐದು ಸಾವಿರಕ್ಕೆ ಮಾಡಿಕೊಡಿ’ ಎನ್ನುತ್ತಾರೆ. ಸಾವಿರ ತಾನೇ ಎಂದು ಒಪ್ಪುವ ಮೊದಲು ಆ 6,000ದ ಒಳಗೆ ಏನಿದೆ ನೋಡಿ. ವಸೂಲಾಗದ ಪಾಲು 600. ಮೇಲ್ಖರ್ಚು 900. ಮನೆ ಮತ್ತು ವಿಮೆ 3,540. ಉಳಿತಾಯ 960. ಬಾಡಿಗೆ ಕಡಿಮೆಯಾಗುವುದಿಲ್ಲ, ಸಾಫ್ಟ್‌ವೇರ್ ಚಂದಾ ಕಡಿಮೆಯಾಗುವುದಿಲ್ಲ, ಅಕ್ಕಿ ಬೇಳೆ ಬಿಡೋಕಾಗುವುದಿಲ್ಲ. ಹಾಗಾಗಿ ಬಿಟ್ಟುಕೊಟ್ಟ ಸಾವಿರ ಆ 960ನ್ನೇ ಪೂರ್ತಿ ನುಂಗುತ್ತದೆ. ಪ್ರತಿ ಕೆಲಸದಲ್ಲೂ ಹೀಗೆ ಬಿಟ್ಟವರು ವರ್ಷವಿಡೀ ದುಡಿದು, ಏನೂ ಉಳಿಸದೆ ಇರುತ್ತಾರೆ.

ಅದಕ್ಕೇ ನಾನು ಹೇಳುವುದು, ದರ ಇಳಿಸಬೇಡಿ, ಕೆಲಸ ಇಳಿಸಿ. ಐದು ಸಾವಿರವೇ ಅವರ ಮಿತಿಯಾದರೆ 10 ಗಂಟೆಯ ಕೆಲಸ ಕೊಡಿ: ಎರಡು ಸುತ್ತಿನ ಬದಲು ಒಂದೇ ಸುತ್ತು ಕರೆಕ್ಷನ್, ಹೊಸದಾಗಿ ಬಿಡಿಸುವ ನಕ್ಷೆಯ ಬದಲು ಬರೀ ದಾರಿಯ ವಿವರ. ಆಷಾಢದಲ್ಲೂ ಇದೇ ನಿಯಮ. ಆ ಖಾಲಿ ದಿನಗಳ ಖರ್ಚು ಆಗಲೇ 500ರೊಳಗೆ ಸೇರಿದೆ.

ಬಂದ ದುಡ್ಡನ್ನು ಬೇರೆ ಮಾಡಿ

ಕೆಲಸದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ಬಂದ ಪ್ರತಿ ನೂರರಲ್ಲಿ ಸುಮಾರು 17 ಮೇಲ್ಖರ್ಚಿಗೆ, 18 ಉಳಿತಾಯಕ್ಕೆ ಬಂದ ದಿನವೇ ಹೋಗಲಿ. ಉಳಿದದ್ದು ಅಲ್ಲೇ ಇದ್ದು, ಮನೆಗೆ ತಿಂಗಳಿಗೆ 28,000 ಸಂಬಳದ ಹಾಗೆ ಬರಲಿ. ಅಡಿಕೆ ದುಡ್ಡು ಓಡಾಡುವ ಹೊತ್ತಿನಲ್ಲಿ, ಮದುವೆ ಕಾಲದಲ್ಲಿ ತಿಂಗಳಿಗೆ 75,000 ಬಂದರೂ ಮನೆಗೆ ಹೋಗುವುದು 28,000 ಮಾತ್ರ. ಮಿಕ್ಕಿದ್ದು ಮಳೆಗಾಲದ ಸಂಬಳ. ಕಂಪನಿಗಳು ಬಿಲ್ಲಿನಲ್ಲಿ ಟಿಡಿಎಸ್ ಹಿಡಿದರೆ ಅದನ್ನು ನಷ್ಟಕ್ಕೆ ಬರೆಯಬೇಡಿ. ರಿಟರ್ನ್ ಸಲ್ಲಿಸಿದಾಗ ಅದು ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಿದ್ದರೆ ವಾಪಸ್ ಬರುತ್ತದೆ.

ಪ್ರತಿ ಕೆಲಸಕ್ಕೆ ಹಿಡಿದ ಗಂಟೆಯನ್ನು ಅಂದಂದೇ ಬರೆದಿಡಿ. ಆ ಬ್ರೋಷರ್‌ಗೆ 12ರ ಬದಲು 16 ಗಂಟೆ ಹಿಡಿದರೆ ನಿಜವಾಗಿ ಸಿಕ್ಕಿದ್ದು ಗಂಟೆಗೆ 375. ಮುಂದಿನ ಬ್ರೋಷರ್‌ನ ದರವನ್ನು 16 ಗಂಟೆಗೇ ಹೇಳಬೇಕು. ಮೂರು ತಿಂಗಳಿಗೊಮ್ಮೆ, ಹಿಂದಿನ 12 ತಿಂಗಳಲ್ಲಿ ಕೈಗೆ ಬಂದ ದುಡ್ಡನ್ನು ಬಿಲ್ ಮಾಡಿದ ಗಂಟೆಗಳಿಂದ ಭಾಗಿಸಿ. ಬರೀ ಮದುವೆ ಕಾಲದ ಲೆಕ್ಕ ಹಿಡಿದರೆ ಎಲ್ಲವೂ ಚೆನ್ನಾಗಿರುವಂತೆ ಕಾಣುತ್ತದೆ, ಅದಕ್ಕೇ ಪೂರ್ತಿ ವರ್ಷ ಬೇಕು. ಉತ್ತರ 450ರ ಆಸುಪಾಸಿದ್ದರೆ ದರ ಸರಿ ಇದೆ. 370ಕ್ಕೆ ಇಳಿದಿದ್ದರೆ ಉಳಿತಾಯ ನಿಂತಿದೆ. ಆಗ ಗಂಟೆಗಳ ಪುಸ್ತಕ ತೆಗೆದು ಯಾವ ಬಗೆಯ ಕೆಲಸ ಸಮಯ ತಿನ್ನುತ್ತಿದೆ ಎಂದು ಹುಡುಕಿ, ಆ ಕೆಲಸದ ದರವನ್ನು ಮೊದಲು ಹೊಸ ಗಿರಾಕಿಗಳಿಗೆ ಏರಿಸಿ. ಹಳಬರಿಗೆ ದೀಪಾವಳಿ ಹೊತ್ತಿಗೇ ತಿಳಿಸಿಬಿಟ್ಟರೆ, ಮದುವೆ ಕಾಲದ ಕೆಲಸ ಹೊಸ ದರದಲ್ಲೇ ಶುರುವಾಗುತ್ತದೆ.