ಕೂಲಿ ಏರಿತಾ, ಇಲ್ವಾ? ನಾಲ್ಕು ಪೇಪರ್, ಒಂದು ಹಾಳೆ

ಕಳೆದ ಬೇಸಿಗೆಯಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ತಾನು ಓದಿದ ಸಂಶೋಧನಾ ಪೇಪರ್‌ಗಳ ಮ್ಯಾಟ್ರಿಕ್ಸ್ ತೋರಿಸಲು ಕಲಬುರಗಿಯ ನಮ್ಮ ಮನೆಗೆ ಬಂದಿದ್ದಳು. ಶಹಾಪುರದ ಕಡೆಯವಳು. ಕಾಂಪ್ರಿಹೆನ್ಸಿವ್ ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಅಂಟಿಸಿ ಅಂಟಿಸಿ ಉದ್ದ ಮಾಡಿದ ಹಾಳೆಯಲ್ಲಿ ಮೂವತ್ತೊಂದು ಪೇಪರ್, ನಾಲ್ಕು ಕಾಲಂ: ಉದ್ದೇಶ, ವಿಧಾನ, ಫಲಿತಾಂಶ, ಮಿತಿ. ಅಕ್ಷರ ದುಂಡಗಿತ್ತು. ಒಂದು ಮನೆಯೂ ಖಾಲಿ ಇರಲಿಲ್ಲ.

ನಾನು ಒಂದೇ ಪ್ರಶ್ನೆ ಕೇಳಿದೆ. ‘ಉದ್ಯೋಗ ಖಾತ್ರಿ ಬಂದ ಮೇಲೆ ಹೊಲದ ಕೂಲಿ ಏರಿತಾ?’

‘ಒಬ್ಬರು ಹೌದಂತಾರ್ರಿ ಸರ, ಇನ್ನೊಬ್ಬರು ಗಂಡಾಳಿಗೆ ಅಷ್ಟೇನಿಲ್ಲ ಅಂತಾರ್ರಿ.’

‘ಯಾಕೆ ಬೇರೆ ಬೇರೆ ಹೇಳ್ತಾರೆ?’

ಆಕೆ ಹಾಳೆ ನೋಡಿದಳು. ಅದರಲ್ಲಿ ಉತ್ತರ ಇರಲಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಆ ‘ಯಾಕೆ’ಯನ್ನೇ. ಹಾಗಾಗಿ ಆ ಮಧ್ಯಾಹ್ನ ಮೂವತ್ತೊಂದನ್ನು ಬದಿಗಿಟ್ಟು ನಾಲ್ಕೇ ಪೇಪರ್ ಹಿಡಿದು ಹೊಸ ಹಾಳೆ ಮಾಡಿದೆವು. ಹೇಗೆ ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಲೆಬರಹ

ಹಾಳೆಯ ತಲೆಗೆ ಒಂದು ಪ್ರಶ್ನೆ ಬರೆಯಿರಿ. ‘ನರೇಗಾ ಸಾಹಿತ್ಯ’ ಅಂತ ಬರೆದರೆ ಸಾಲದು, ಅದು ವಿಷಯದ ಹೆಸರಾಯಿತು ಅಷ್ಟೇ. ‘ಉದ್ಯೋಗ ಖಾತ್ರಿಯಿಂದ ಖಾಸಗಿ ಕೂಲಿ ಏರಿತಾ?’ ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆಯಿರಿ. ಈ ಪ್ರಶ್ನೆಗೆ ಉತ್ತರ ಕೊಡದ ಪೇಪರ್ ಎಷ್ಟೇ ಚೆನ್ನಾಗಿದ್ದರೂ ಈ ಹಾಳೆಯಲ್ಲಿ ಬೇಡ, ಅದಕ್ಕೆ ಬೇರೆ ಹಾಳೆ ಇರಲಿ. ನಾವು ಉಳಿಸಿಕೊಂಡ ನಾಲ್ಕು: ಆಜಮ್ (2012), ಇಂಬರ್ಟ್ ಮತ್ತು ಪ್ಯಾಪ್ (2015), ಬರ್ಗ್ ಮತ್ತು ಸಂಗಡಿಗರು (2018), ಮುರಳೀಧರನ್, ನೀಹೌಸ್ ಮತ್ತು ಸುಖ್ತಂಕರ್ (2023). ಮೂರನೆಯದರ ಲೇಖಕರಲ್ಲಿ ಇಬ್ಬರು ಬೆಂಗಳೂರಿನ ಐಸೆಕ್ ಸಂಸ್ಥೆಯವರು.

ವಿಧಾನದ ಕಾಲಂ ಮೊದಲು ತುಂಬಿ

ಎಲ್ಲರೂ ಪೇಪರಿನ ಸಾರಾಂಶ ಓದಿ ಮೊದಲು ಫಲಿತಾಂಶ ತುಂಬುತ್ತಾರೆ. ನನ್ನ ಪ್ರಕಾರ ಅಲ್ಲೇ ಕೆಲಸ ಕೆಡುತ್ತದೆ. ಉತ್ತರ ಗೊತ್ತಾದ ಮೇಲೆ ವಿಧಾನವನ್ನು ಯಾರೂ ಗಮನ ಕೊಟ್ಟು ಓದುವುದಿಲ್ಲ. ವಿಧಾನದ ಮನೆಯಲ್ಲಿ ಮೂರು ಸಂಗತಿ ಇದ್ದರೆ ಸಾಕು: ಯಾರನ್ನು ಯಾರ ಜೊತೆ ಹೋಲಿಸಿದರು, ಯಾವ ವರ್ಷಗಳು, ಅಂಕಿ ಯಾರು ಬರೆದುಕೊಂಡದ್ದು.

ಮೊದಲ ಮೂರು ಪೇಪರ್‌ಗಳಲ್ಲಿ ಹೋಲಿಕೆ ಸಾಧ್ಯವಾದದ್ದು ಯೋಜನೆ ಹಂತ ಹಂತವಾಗಿ ಬಂದದ್ದರಿಂದ. 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗೆ ಬಂತು. 2007ರಲ್ಲಿ ಇನ್ನೂ 130ಕ್ಕೆ ಬಂತು. ಉಳಿದವಕ್ಕೆ 2008ರ ಏಪ್ರಿಲ್‌ನಲ್ಲಿ. ಗುಲಬರ್ಗಾ, ಬೀದರ್ ಎರಡೂ ಮೊದಲ ಹಂತದವು. ಪಕ್ಕದ ವಿಜಾಪುರ ಕೊನೆಯ ಹಂತದ್ದು. ಅಂದರೆ ಅಫಜಲಪುರದ ಹಳ್ಳಿಯಲ್ಲಿ ಜಾಬ್ ಕಾರ್ಡ್ ಬಂದಾಗ ಪಕ್ಕದ ಜಿಲ್ಲೆಯ ಇಂಡಿ ತಾಲ್ಲೂಕಿನವರು ಇನ್ನೂ ಎರಡು ವರ್ಷ ಕಾಯಬೇಕಿತ್ತು. ಮೊದಲು ಸಿಕ್ಕ ಜಿಲ್ಲೆಗಳಲ್ಲಿ ಕೂಲಿ ಎಷ್ಟು ಬದಲಾಯಿತು, ಕಾಯುತ್ತಿದ್ದ ಜಿಲ್ಲೆಗಳಲ್ಲಿ ಎಷ್ಟು ಬದಲಾಯಿತು, ಎರಡರ ನಡುವಿನ ಅಂತರವೇ ಯೋಜನೆಯ ಪರಿಣಾಮ. ಇದಕ್ಕೇ ಡಿಫರೆನ್ಸ್ ಇನ್ ಡಿಫರೆನ್ಸಸ್ ಅನ್ನುವುದು.

ಇಲ್ಲಿ ಆಕೆ ತಟ್ಟನೆ ಕೇಳಿದಳು. ‘ಯಾದಗಿರಿನೇ ಇಲ್ಲಲ್ರಿ ಸರ ಇದರಾಗ?’

ಇಲ್ಲ. ಯಾದಗಿರಿ ಬೇರೆ ಜಿಲ್ಲೆಯಾದದ್ದು ಆಮೇಲೆ. ಆಗಿನ ಅಂಕಿಯಲ್ಲಿ ಶಹಾಪುರ, ಸುರಪುರ ಎಲ್ಲ ಗುಲಬರ್ಗಾದ ಒಳಗೇ ಸೇರಿವೆ. ಕಲಬುರಗಿ ಅನ್ನುವ ಹೆಸರೂ ಸಿಗುವುದಿಲ್ಲ, ಹೆಸರು ಬದಲಾದದ್ದು 2014ರಲ್ಲಿ. ಇದು ಚಿಕ್ಕ ಮಾತು ಅನಿಸಬಹುದು. ಆದರೆ ಜಿಲ್ಲೆಯೇ ಅಳತೆಗೋಲಾದ ಅಧ್ಯಯನದಲ್ಲಿ ಭೀಮಾ, ಕೃಷ್ಣಾ ನೀರಾವರಿಯ ಗದ್ದೆ ಸೀಮೆ, ಒಣ ತೊಗರಿ ಸೀಮೆ ಎರಡೂ ಒಂದೇ ಸರಾಸರಿಯಾಗಿ ಕುಳಿತಿವೆ ಅಂತ ಇದರಿಂದ ಗೊತ್ತಾಗುತ್ತದೆ.

ಇನ್ನು ಅಂಕಿಯ ಮೂಲ. ಆಜಮ್ ಹಾಗೂ ಇಂಬರ್ಟ್–ಪ್ಯಾಪ್ ಇಬ್ಬರೂ ಬಳಸಿದ್ದು ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 2004–05 ಮತ್ತು 2007–08ರ ಅಂಕಿ. ಮನೆಮನೆಗೆ ಹೋಗಿ ಕಳೆದ ವಾರ ಏನು ಕೆಲಸ ಮಾಡಿದಿರಿ, ಎಷ್ಟು ಸಿಕ್ಕಿತು ಅಂತ ಕೇಳಿ ಬರೆದದ್ದು. ಬರ್ಗ್ ತಂಡ ಬಳಸಿದ್ದು ಕೃಷಿ ಸಚಿವಾಲಯದ ಕೂಲಿ ದರದ ಪ್ರಕಟಣೆ. ಅದರಲ್ಲಿ ಆಯ್ದ ಕೇಂದ್ರಗಳಿಂದ ತಿಂಗಳು ತಿಂಗಳೂ ದರ ಬರುತ್ತದೆ. ಮೊದಲನೆಯದರಲ್ಲಿ ಮನೆಗಳು ಜಾಸ್ತಿ, ಕಾಲ ಕಮ್ಮಿ. ಎರಡನೆಯದರಲ್ಲಿ ಕಾಲ ಜಾಸ್ತಿ, ಊರು ಕಮ್ಮಿ. ಈ ಎರಡು ವಾಕ್ಯ ನಿಮ್ಮ ಹಾಳೆಯಲ್ಲಿ ಇರಲೇಬೇಕು.

ಇನ್ನೂ ಒಂದು ಸಂಗತಿ ಆಗಲೇ ಕಣ್ಣಿಗೆ ಬಿತ್ತು. ಎರಡು ಪೇಪರ್ ಒಂದೇ ಸಮೀಕ್ಷೆಯವು, ಹೋಲಿಕೆಯೂ ಹೆಚ್ಚು ಕಮ್ಮಿ ಒಂದೇ. ‘ಎರಡು ಅಧ್ಯಯನಗಳು ಇದನ್ನೇ ಹೇಳುತ್ತವೆ’ ಅಂತ ಉತ್ತರದಲ್ಲಿ ಬರೆದರೆ ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಹತ್ತಿಸಿದ ಹಾಗೆ.

ಫಲಿತಾಂಶ: ಅಂಕಿಯ ಬಾಲ ಕತ್ತರಿಸಬೇಡಿ

ಆಕೆಯ ಹಳೆಯ ಹಾಳೆಯಲ್ಲಿ ಈ ಕಾಲಂ ಹೀಗಿತ್ತು: ಶೇ 8, ಶೇ 5, ಶೇ 4.3, ಶೇ 14. ಮೇಲಿಂದ ಕೆಳಗೆ ನೋಡಿದರೆ ಒಂದೇ ವಸ್ತುವನ್ನು ನಾಲ್ಕು ತಕ್ಕಡಿಯಲ್ಲಿ ತೂಗಿದ ಹಾಗೆ ಕಾಣುತ್ತದೆ. ತೂಗಿದ ವಸ್ತುವೇ ಬೇರೆ ಬೇರೆ.

ಆಜಮ್ ಅವರ ಶೇ 8 ಹೆಣ್ಣಾಳಿನ ಕೂಲಿಯದ್ದು. ಅದೇ ಪೇಪರಿನಲ್ಲಿ ಗಂಡಾಳಿನ ಏರಿಕೆ ಶೇ 1ರ ಆಸುಪಾಸು ಮಾತ್ರ. ಇಂಬರ್ಟ್–ಪ್ಯಾಪ್ ಅವರ ಸುಮಾರು ಶೇ 5 ಒಣ ಹಂಗಾಮಿನದ್ದು, ಅಂದರೆ ಜನವರಿಯಿಂದ ಜೂನ್‌ವರೆಗಿನದ್ದು. ಬರ್ಗ್ ತಂಡದ 4.3 ವರ್ಷಕ್ಕಿಷ್ಟು ಅನ್ನುವ ಬೆಳವಣಿಗೆಯ ದರ. ಒಂದು ಸಲ ಏರಿ ನಿಂತ ಮಟ್ಟ ಅದಲ್ಲ, ಎರಡು ವರ್ಷ ಹಾಗೇ ನಡೆದರೆ ಅದು ಎಂಟೂವರೆ ದಾಟುತ್ತದೆ. ಮುರಳೀಧರನ್ ತಂಡದ 14 ಅಂತೂ ಕೂಲಿಯ ಅಂಕಿಯೇ ಅಲ್ಲ, ಫಲಾನುಭವಿ ಮನೆಯ ಗಳಿಕೆಯದ್ದು. ಆ ಹೆಚ್ಚಿದ ಗಳಿಕೆಯಲ್ಲಿ ಶೇ 86 ಬಂದದ್ದು ಯೋಜನೆಯ ಹೊರಗಿನ ದುಡಿಮೆಯಿಂದ ಅನ್ನುವುದು ಆ ಪೇಪರಿನ ಮುಖ್ಯ ಮಾತು.

ಹಾಗಾಗಿ ಪ್ರತಿ ಅಂಕಿಯ ಬಾಲಕ್ಕೆ ಯಾರದ್ದು, ಯಾವ ಹಂಗಾಮು, ಮಟ್ಟವೋ ವರ್ಷದ ದರವೋ ಅಂತ ಬರೆಯಿರಿ. ಒಂದು ಎಚ್ಚರಿಕೆ: ಅರ್ಥಶಾಸ್ತ್ರದಲ್ಲಿ ಅಚ್ಚಾಗುವ ಮೊದಲು ಪೇಪರ್ ವರ್ಷಗಟ್ಟಲೆ ಕರಡಾಗಿ ಓಡಾಡುತ್ತದೆ. ಕರಡಿನ ಅಂಕಿ ಬೇರೆ, ಅಚ್ಚಿನ ಅಂಕಿ ಬೇರೆ ಇರಬಹುದು. ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟುವುದು ಹೆಚ್ಚಾಗಿ ಕರಡೇ. ಯಾವ ವರ್ಷದ ಪ್ರತಿ ಅಂತ ಸಾಲಿನ ತಲೆಗೆ ಹಾಕಿಕೊಳ್ಳಿ.

ಉದ್ದೇಶ: ಮತ್ತೆ ಹಿಂದಕ್ಕೆ

ಈಗ ಉದ್ದೇಶದ ಕಾಲಂಗೆ ಬನ್ನಿ. ಲೇಖಕರ ವಾಕ್ಯ ಇಳಿಸಿಕೊಳ್ಳದೆ ನಿಮ್ಮ ಮಾತಲ್ಲಿ ಒಂದು ಪ್ರಶ್ನೆಯಾಗಿ ಬರೆಯಿರಿ. ಹೀಗೆ ಬರೆದಾಗಲೇ ನಾಲ್ಕನೆಯ ಪೇಪರ್ ಉಳಿದವುಗಳಿಂದ ಬೇರೆಯಾಯಿತು. ಮೊದಲ ಮೂರು ಕೇಳಿದ್ದು, ಯೋಜನೆ ಬಂದರೆ ಏನಾಗುತ್ತದೆ ಅಂತ. ನಾಲ್ಕನೆಯದು ಕೇಳಿದ್ದು, ಆಗಲೇ ಇರುವ ಯೋಜನೆಯನ್ನು ಚೆನ್ನಾಗಿ ನಡೆಸಿದರೆ ಏನಾಗುತ್ತದೆ ಅಂತ. ತೆಲಂಗಾಣ ಬೇರೆಯಾಗುವ ಮೊದಲಿನ ಆಂಧ್ರದಲ್ಲಿ ಕೂಲಿ ಪಾವತಿಗೆ ಬಯೋಮೆಟ್ರಿಕ್ ಸ್ಮಾರ್ಟ್‌ಕಾರ್ಡ್ ತಂದರು. ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಿದರು. ಹೋಲಿಕೆ ಅಲ್ಲಿಂದ ಬಂತು.

ಇದು ಯಾಕೆ ಮುಖ್ಯ ಅಂದರೆ, ಕೂಲಿ ಏರಿತು ಅನ್ನುವಲ್ಲಿ ಇಂಬರ್ಟ್–ಪ್ಯಾಪ್ ಮತ್ತು ಮುರಳೀಧರನ್ ತಂಡ ಒಂದೇ ಕಡೆ. ಖಾಸಗಿ ಕೆಲಸ ಏನಾಯಿತು ಅನ್ನುವಲ್ಲಿ ಪೂರ್ತಿ ಎದುರುಬದುರು. ಮೊದಲನೆಯದರಲ್ಲಿ ಸರ್ಕಾರಿ ಕೆಲಸ ಬಂದು ಖಾಸಗಿ ಕೆಲಸ ಕಮ್ಮಿಯಾಯಿತು. ಎರಡನೆಯದರಲ್ಲಿ ಕೂಲಿಯೂ ಏರಿತು, ಖಾಸಗಿ ಕೆಲಸವೂ ಹೆಚ್ಚಿತು. ಇದಕ್ಕೆ ಅವರು ಕೊಡುವ ವಿವರಣೆ ಇದು: ಊರಲ್ಲಿ ಕೆಲಸ ಕೊಡುವ ದೊಡ್ಡ ಹೊಲದವರು ನಾಲ್ಕೇ ಮಂದಿ ಇದ್ದರೆ ಕೂಲಿಯನ್ನು ಕೆಳಗೆ ಅದುಮಿಟ್ಟಿರುತ್ತಾರೆ. ಆಳಿಗೆ ಬೇರೆ ದಾರಿ ಸಿಕ್ಕಾಗ ಕೂಲಿ ಏರಿಸಲೇಬೇಕು, ಆ ಕೂಲಿಗೆ ಇನ್ನಷ್ಟು ಜನ ಕೆಲಸಕ್ಕೆ ಬರುತ್ತಾರೆ. ಜಮೀನು ಕೆಲವರ ಕೈಯಲ್ಲೇ ಇರುವ ಊರುಗಳಲ್ಲಿ ಕೆಲಸ ಹೆಚ್ಚು ಏರಿದ್ದನ್ನು ಅವರು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ.

ಮಿತಿಯ ಕಾಲಂಗೆ ಒಂದು ಪರೀಕ್ಷೆ

ಮಿತಿ ಬರೆದ ಮೇಲೆ ಅದನ್ನು ಎತ್ತಿ ಪಕ್ಕದ ಪೇಪರಿನ ಮುಂದೆ ಇಟ್ಟು ನೋಡಿ. ಅಲ್ಲೂ ಹೊಂದಿದರೆ ಹೊಡೆದುಹಾಕಿ. ‘ಸ್ಯಾಂಪಲ್ ಸೀಮಿತ’, ‘ಇನ್ನಷ್ಟು ಅಧ್ಯಯನ ಅಗತ್ಯ’ ಎಲ್ಲ ಹೀಗೇ ಹೋಗುತ್ತವೆ. ಮಿತಿ ಹುಟ್ಟುವುದು ವಿಧಾನದಿಂದ, ಆ ಮನೆಯನ್ನೇ ನೋಡುತ್ತಾ ಬರೆಯಬೇಕು.

ಉದಾಹರಣೆಗೆ ಹಂತ ಹಂತದ ಹೋಲಿಕೆ ನಿಂತಿರುವುದು ಒಂದು ನಂಬಿಕೆಯ ಮೇಲೆ. ಯೋಜನೆ ಬರದಿದ್ದರೆ ಎರಡೂ ಗುಂಪಿನ ಕೂಲಿ ಒಂದೇ ಗತಿಯಲ್ಲಿ ನಡೆಯುತ್ತಿತ್ತು ಅನ್ನುವ ನಂಬಿಕೆ. ಆದರೆ ಮೊದಲ ಹಂತದ ಜಿಲ್ಲೆಗಳನ್ನು ಆರಿಸುವಾಗ ಯೋಜನಾ ಆಯೋಗದ ಹಿಂದುಳಿದ ಜಿಲ್ಲೆಗಳ ಸೂಚ್ಯಂಕ ಆಧಾರವಾಗಿತ್ತು. ಅದರಲ್ಲಿ ಕೃಷಿ ಕೂಲಿಯೂ ಒಂದು ಅಂಶ. ಕೂಲಿ ತೀರಾ ಕಮ್ಮಿ ಇದ್ದ ಕಡೆ ಅದು ತಾನಾಗಿಯೇ ಸ್ವಲ್ಪ ಏರುತ್ತಿತ್ತೇನೋ. ಈ ಅನುಮಾನವನ್ನು ಲೇಖಕರು ಹೇಗೆ ಎದುರಿಸಿದ್ದಾರೆ ಅನ್ನುವುದನ್ನೂ ಅದೇ ಮನೆಯಲ್ಲಿ ಅರ್ಧ ವಾಕ್ಯ ಬರೆಯಿರಿ. ಈ ಮಿತಿ ನಾಲ್ಕನೆಯ ಪೇಪರಿಗೆ ಹೊಂದುವುದಿಲ್ಲ, ಅಲ್ಲಿ ಚೀಟಿ ಎತ್ತಿದ್ದಾರೆ. ಅದರ ಮಿತಿ ಬೇರೆ: ಒಂದೇ ರಾಜ್ಯ, ಅದೂ ಯೋಜನೆಯನ್ನು ಚುರುಕಾಗಿ ನಡೆಸಿದ ರಾಜ್ಯ.

ಇಂಬರ್ಟ್–ಪ್ಯಾಪ್ ಸಾಲಿಗೆ ಆಕೆಯೇ ಒಂದು ಮಿತಿ ಹುಡುಕಿದಳು. ಜನವರಿಯಿಂದ ಜೂನ್ ಅಂದರೆ ಕೆಲಸ ಇಲ್ಲದ ಹಂಗಾಮು ಅಂತ ದೇಶಕ್ಕೆಲ್ಲ ಒಂದೇ ಗೆರೆ ಎಳೆದಿದ್ದಾರೆ. ‘ನಮ್ಮಲ್ಲಿ ಜನವರಿದಾಗ ತೊಗರಿ ರಾಶಿ ನಡೀತಿರ್ತದ್ರಿ, ಆಮ್ಯಾಲ ಬಿಳಿಜ್ವಾಳ ಬರ್ತದ. ಆಳು ಸಿಗೋದೇ ಇಲ್ಲ’ ಅಂದಳು. ಹೌದಲ್ವಾ! ಇಂಥದ್ದು ಪೇಪರಿನ ಕೊನೆಯ ಪುಟದಲ್ಲಿ ಸಿಗುವುದಿಲ್ಲ.

ಕೆಳಮುಖವಾಗಿ ಓದಿ ಬರೆಯುವುದು

ಹಾಳೆ ತುಂಬಿದ ಮೇಲೆ ಅಡ್ಡ ಓದಬೇಡಿ. ಅಡ್ಡ ಓದಿದರೆ ‘ಆಜಮ್ ಹೀಗೆಂದರು, ಬರ್ಗ್ ಹಾಗೆಂದರು’ ಅಂತ ಪಟ್ಟಿ ಓದಿದ ಹಾಗೆ ಉತ್ತರ ಬರುತ್ತದೆ. ಒಂದೊಂದು ಕಾಲಂ ಮೇಲಿಂದ ಕೆಳಗೆ ಓದಿ. ಆಕೆ ಹಾಗೆ ಓದಿ ಬರೆದದ್ದು ಇದು:

‘ಹೆಣ್ಣಾಳು, ಗಂಡಾಳಿನ ಕೂಲಿ ಒಂದೇ ರೀತಿ ಬದಲಾಯಿತೇ ಎಂಬ ಬಗ್ಗೆ ಒಮ್ಮತವಿಲ್ಲ. ಮನೆ ಸಮೀಕ್ಷೆಯ ಅಂಕಿ ಬಳಸಿದ ಆಜಮ್‌ಗೆ ದೊಡ್ಡ ಅಂತರ ಕಂಡಿದೆ. ಕೇಂದ್ರಗಳಿಂದ ಬಂದ ದರ ಬಳಸಿದ ಬರ್ಗ್ ತಂಡಕ್ಕೆ ಅಂಥ ಅಂತರ ಕಂಡಿಲ್ಲ. ಮೊದಲನೆಯದು ಕೃಷಿಯ ಹೊರಗಿನ ಬಿಡಿ ಕೂಲಿಯನ್ನೂ ಎಣಿಸುತ್ತದೆ, ಎರಡನೆಯದು ಹೊಲದ ಕೆಲಸದ ದರವನ್ನು ಮಾತ್ರ. ಭಿನ್ನತೆಗೆ ಇದು ಒಂದು ಕಾರಣವಿರಬಹುದು.’

‘ಇರಬಹುದು’ ಅನ್ನುವುದನ್ನು ತೆಗೆಯಲು ಹೊರಟಿದ್ದಳು, ನಾನೇ ಬಿಡಲಿಲ್ಲ. ಅದನ್ನು ಯಾರೂ ಇನ್ನೂ ಸಾಬೀತು ಮಾಡಿಲ್ಲ, ಎರಡು ಮನೆಗಳನ್ನು ಜೋಡಿಸಿ ನಾವು ಮಾಡಿದ ಊಹೆ ಅದು.

ಕಲಿತದ್ದು ನಿಂತಿದೆಯಾ ಅಂತ ನೋಡಲು ಫಲಿತಾಂಶದ ಕಾಲಂ ಮೇಲೆ ಪಟ್ಟಿ ಇಟ್ಟು ಮುಚ್ಚಿ. ವಿಧಾನ ಓದಿ ಫಲಿತಾಂಶ ಯಾವ ಕಡೆ ವಾಲಬಹುದು ಅಂತ ಹೇಳಿ. ಆಮೇಲೆ ಖಾಲಿ ಹಾಳೆಯಲ್ಲಿ ಹತ್ತು ನಿಮಿಷದಲ್ಲಿ ಪೂರ್ತಿ ಮ್ಯಾಟ್ರಿಕ್ಸ್ ನೆನಪಿನಿಂದ ಬರೆಯಿರಿ. ನೆನಪಾಗದ ಅಂಕಿ ಬಿಟ್ಟರೂ ಪರವಾಗಿಲ್ಲ, ಯಾರನ್ನು ಯಾರ ಜೊತೆ ಹೋಲಿಸಿದರು ಅನ್ನುವುದು ಬಿಡುವ ಹಾಗಿಲ್ಲ.

ಎರಡು ವಾರದ ನಂತರ ಆಕೆ ನಮ್ಮ ಪಡಸಾಲೆಯಲ್ಲೇ ಕುಳಿತು ಬರೆದು ತೋರಿಸಿದಳು. 4.3 ಮರೆತಿತ್ತು, ಆ ಮನೆಯಲ್ಲಿ ‘ವರ್ಷಕ್ಕಿಷ್ಟು’ ಅಂತ ಮಾತ್ರ ಇತ್ತು. ಕೊನೆಯ ಸಾಲಿನ 14ರ ಪಕ್ಕದಲ್ಲಿ ಚಿಕ್ಕದಾಗಿ ಬರೆದಿದ್ದಳು: ‘ಮನೆಯ ಗಳಿಕೆ. ಕೂಲಿ ಅಲ್ಲ.’