ಒಂಬತ್ತು ಬಾಕ್ಸೋ, ಹನ್ನೊಂದೋ? ಕೋಣೆಯ ಟೈಲ್ಸ್ ಲೆಕ್ಕ ಹಾಕುವುದು ಹೀಗೆ

ಟೈಲ್ಸ್ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ನೆಲದ ಅಳತೆಗೆ ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸು, ಬಾಕ್ಸ್‌ನ ಅಳತೆಯಿಂದ ಭಾಗಿಸು, ಬಂದ ಸಂಖ್ಯೆಯನ್ನು ರೇಟಿಗೆ ಗುಣಿಸು. ನಾನೂ ಹಾಗೇ ಮಾಡಿದ್ದೆ. ಕೊನೆಯ ಗೋಡೆಯ ಹತ್ತಿರ ಬಂದಾಗ ಮೂರು ಟೈಲ್ಸ್ ಕಡಿಮೆ ಬಿತ್ತು. ಮತ್ತೊಂದು ಬಾಕ್ಸ್ ತಂದೆವು. ಅದೇ ಹೆಸರು, ಅದೇ ನಂಬರ್, ಆದರೆ ಬ್ಯಾಚ್ ಬೇರೆ. ಬಣ್ಣ ಒಂದು ಚೂರು ಹಳದಿಗೆ ತಿರುಗಿತ್ತು. ಆ ಮೂರು ಟೈಲ್ಸ್ ಈಗ ಬೀರುವಿನ ಕೆಳಗಿವೆ, ಬೀರು ಅಲ್ಲಿಂದ ಅಲ್ಲಾಡುವ ಹಾಗಿಲ್ಲ.

ತಪ್ಪಾಗಿದ್ದು ಗುಣಾಕಾರದಲ್ಲಲ್ಲ, ಆ ಹತ್ತು ಪರ್ಸೆಂಟ್‌ನಲ್ಲಿ. ಅದು ಅಂದಾಜು ಅಷ್ಟೇ. ನಿಜವಾದ ವೇಸ್ಟೇಜ್ ಎಷ್ಟು ಅನ್ನುವುದನ್ನು ಕೋಣೆಯ ಉದ್ದಗಲ ಮತ್ತು ಟೈಲ್ಸ್ ಕೂರಿಸುವ ರೀತಿ ತೀರ್ಮಾನಿಸುತ್ತವೆ. ಒಂದು ಕೋಣೆಯನ್ನೇ ಇಟ್ಟುಕೊಂಡು ಪೂರ್ತಿ ಲೆಕ್ಕ ಹಾಕಿ ನೋಡೋಣ.

ಮೊದಲು ಟೇಪು

ಸೆಂಟಿಮೀಟರ್‌ನಲ್ಲೇ ಅಳೆಯಿರಿ. ಅಡಿ-ಅಂಗುಲದಲ್ಲಿ ಅಳೆದವರು ಮಾಡುವ ಒಂದು ತಪ್ಪಿದೆ: 10 ಅಡಿ 11 ಅಂಗುಲವನ್ನು ಕ್ಯಾಲ್ಕುಲೇಟರ್‌ನಲ್ಲಿ 10.11 ಎಂದು ಒತ್ತಿಬಿಡುತ್ತಾರೆ. ಅಡಿಗೆ ಹನ್ನೆರಡು ಅಂಗುಲ, ಹಾಗಾಗಿ ಅದು 10.92 ಆಗಬೇಕು. ಇನ್ನೊಂದು ಬದಿ 12 ಅಡಿ ಇದ್ದರೆ ಇದೊಂದರಲ್ಲೇ ಸುಮಾರು 10 ಚದರ ಅಡಿ ಕಾಣೆಯಾಗುತ್ತದೆ. ಅಂದರೆ ಅರ್ಧ ಬಾಕ್ಸ್‌ಗಿಂತ ಜಾಸ್ತಿ.

ಗೋಡೆಗಳು ನೋಡಲು ನೇರ, ಅಳೆದರೆ ಸೊಟ್ಟ. ಆದ್ದರಿಂದ ಉದ್ದವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆದು, ಇರುವುದರಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಅಗಲಕ್ಕೂ ಹಾಗೇ. ನಮ್ಮ ಕೋಣೆ 376 ಸೆಂ.ಮೀ. ಉದ್ದ, 312 ಸೆಂ.ಮೀ. ಅಗಲ ಬಂತು ಎಂದುಕೊಳ್ಳೋಣ. ಮೀಟರ್‌ಗೆ ತಂದು ಗುಣಿಸಿದರೆ:

3.76 × 3.12 = 11.73 ಚದರ ಮೀಟರ್

ಅಡಿಯಲ್ಲಿ ಹೇಳುವುದಾದರೆ ಸುಮಾರು 126 ಚದರ ಅಡಿ.

ಬಾಕ್ಸ್‌ನಲ್ಲಿ ಎಷ್ಟಿದೆ?

ಎಲ್ಲರೂ ‘ಎರಡು ಬೈ ಎರಡು’ ಎನ್ನುವ ಟೈಲ್ ನಿಜಕ್ಕೂ ಎರಡು ಅಡಿ ಇರುವುದಿಲ್ಲ. ಅದು 600 ಮಿ.ಮೀ. ಎರಡು ಅಡಿ ಅಂದರೆ 610 ಮಿ.ಮೀ. ಒಂದು ಬದಿಗೆ ಒಂದು ಸೆಂಟಿಮೀಟರ್ ತಾನೇ ಅನಿಸಬಹುದು. ಆದರೆ ಒಂದು ಟೈಲ್ 4 ಚದರ ಅಡಿ ಬದಲು 3.875 ಚದರ ಅಡಿ ಆಗುತ್ತದೆ. ನಾಲ್ಕು ಟೈಲ್‌ನ ಬಾಕ್ಸ್‌ನಲ್ಲಿ 16 ಅಲ್ಲ, 15.5 ಚದರ ಅಡಿ. ಸಣ್ಣ ಕೋಣೆಗೆ ಇದು ಗೊತ್ತಾಗುವುದಿಲ್ಲ. ಸಾವಿರ ಚದರ ಅಡಿ ನೆಲವಿದ್ದರೆ ಒಂದು ಲೆಕ್ಕದಲ್ಲಿ 63 ಬಾಕ್ಸ್, ಇನ್ನೊಂದರಲ್ಲಿ 65.

ರೇಟಿನಲ್ಲೂ ಇದು ಬಂದು ಕೂರುತ್ತದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ಬಾಕ್ಸ್‌ಗೆ 1,000 ರೂಪಾಯಿ ಇಟ್ಟುಕೊಳ್ಳೋಣ. 16ರಿಂದ ಭಾಗಿಸಿದರೆ ಚದರ ಅಡಿಗೆ 62.50. 15.5ರಿಂದ ಭಾಗಿಸಿದರೆ 64.50. ಮಾರುವವರು ಚದರ ಅಡಿ ರೇಟು ಹೇಳಿದರೆ, ‘ಬಾಕ್ಸ್‌ಗೆ ಎಷ್ಟು ಚದರ ಅಡಿ ಹಿಡಿದಿದ್ದೀರಿ?’ ಎಂದು ಕೇಳಿ. ಬಾಕ್ಸ್ ಮೇಲೇ ಚದರ ಮೀಟರ್ ಅಚ್ಚಾಗಿರುತ್ತದೆ, ನಮ್ಮ ಬಾಕ್ಸ್‌ಗೆ ಅದು 1.44. ಅದನ್ನೇ ನಂಬುವುದು ಒಳ್ಳೆಯದು.

ಈಗ ಎಲ್ಲರೂ ಹಾಕುವ ಲೆಕ್ಕ ಹಾಕೋಣ. 11.73ಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 12.90. ಅದನ್ನು 1.44ರಿಂದ ಭಾಗಿಸಿದರೆ 8.96. ಬಾಕ್ಸ್ ಒಡೆದು ಕೊಡುವುದಿಲ್ಲ, ಹಾಗಾಗಿ ಮೇಲಕ್ಕೆ ಏರಿಸಿ 9 ಬಾಕ್ಸ್, ಅಂದರೆ 36 ಟೈಲ್ಸ್. ಖರ್ಚು 9,000 ರೂಪಾಯಿ. ಜನ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ.

ಚಿತ್ರ ಬರೆದು ಎಣಿಸಿ

ಒಂದು ಚೌಕಳಿ ಹಾಳೆ ತಗೊಳ್ಳಿ. ಕೋಣೆಯ ಚೌಕ ಬರೆದು ಒಳಗೆ ಟೈಲ್ಸ್ ಗೆರೆ ಎಳೆಯಿರಿ. ಗೋಡೆಯ ಬದಿಗೆ ಎರಡೂ ಕಡೆ ಅರ್ಧರ್ಧ ಸೆಂಟಿಮೀಟರ್ ಬಿಡಬೇಕು, ಅದನ್ನು ಗೋಡೆಯ ಬುಡಕ್ಕೆ ಹಾಕುವ ಪಟ್ಟಿ, ಅಂದರೆ ಸ್ಕರ್ಟಿಂಗ್ ಮುಚ್ಚುತ್ತದೆ. ಟೈಲ್ಸ್ ನಡುವಿನ ಸಂದಿಗೆ 2 ಮಿ.ಮೀ. ಸ್ಪೇಸರ್ ಹಾಕುತ್ತೇವೆ ಎಂದುಕೊಳ್ಳಿ.

ಮೊದಲನೇ ದಾರಿ: ಒಂದು ಮೂಲೆಯಿಂದ ಇಡೀ ಟೈಲ್ ಕೂರಿಸುತ್ತಾ ಹೋಗುವುದು. ಉದ್ದಕ್ಕೆ ಆರು ಇಡೀ ಟೈಲ್ ಕೂತು, ಕೊನೆಗೆ 14 ಸೆಂ.ಮೀ. ಜಾಗ ಉಳಿಯುತ್ತದೆ. ಅಗಲಕ್ಕೆ ಐದು ಕೂತು 10 ಸೆಂ.ಮೀ. ಉಳಿಯುತ್ತದೆ. ಇಡೀ ಟೈಲ್ಸ್ ಮೂವತ್ತು ಆಯಿತು. ಉಳಿದ ಜಾಗಕ್ಕೆ ಪಟ್ಟಿ ಕತ್ತರಿಸಬೇಕು.

ಒಂದು ಟೈಲ್‌ನಿಂದ 14 ಸೆಂ.ಮೀ.ನ ನಾಲ್ಕು ಪಟ್ಟಿ ಬರುತ್ತದಲ್ವಾ ಅಂದರೆ ಕಾಗದದ ಮೇಲೆ ಬರುತ್ತದೆ. ಆದರೆ ಕತ್ತರಿಸಿದ ಅಂಚು ಒರಟಾಗಿರುತ್ತದೆ, ಅಲ್ಲಲ್ಲಿ ಚಕ್ಕೆ ಎದ್ದಿರುತ್ತದೆ. ಅದು ಗೋಡೆಯ ಕಡೆ ಹೋಗಬೇಕು, ಸ್ಕರ್ಟಿಂಗ್ ಕೆಳಗೆ ಅಡಗಬೇಕು. ಪಕ್ಕದ ಟೈಲ್‌ಗೆ ತಾಗುವ ಬದಿಯಲ್ಲಿ ಕಾರ್ಖಾನೆಯ ನುಣುಪು ಅಂಚೇ ಇರಬೇಕು. ಹಾಗೆ ನೋಡಿದರೆ ಒಂದು ಟೈಲ್‌ನ ಎರಡು ತುದಿಯಿಂದ ಎರಡೇ ಪಟ್ಟಿ. ನಡುವಿನ ತುಂಡು ವ್ಯರ್ಥ. ಉದ್ದದ ಕೊನೆಗೆ ಐದು ಪಟ್ಟಿ, ಮೂಲೆಗೆ ಒಂದು ತುಂಡು, ಅದಕ್ಕೆ ಮೂರು ಟೈಲ್. ಅಗಲದ ಕೊನೆಗೆ ಆರು ಪಟ್ಟಿ, ಇನ್ನೂ ಮೂರು ಟೈಲ್. ಒಟ್ಟು 36.

ಒಂಬತ್ತು ಬಾಕ್ಸ್ ಸರಿಯಾಗಿ ಖಾಲಿ. ಒಂದು ಟೈಲ್ ಕೈಜಾರಿ ಒಡೆದರೂ ಕೆಲಸ ನಿಲ್ಲುತ್ತದೆ. ನನಗೆ ಆಗಿದ್ದು ಹೆಚ್ಚುಕಡಿಮೆ ಇದೇ.

ಎರಡನೇ ದಾರಿ: ಕೋಣೆಯ ನಡುವಿನಿಂದ ಶುರು ಮಾಡಿ, ಎರಡೂ ಗೋಡೆಯ ಬದಿಗೆ ಸಮನಾದ ತುಂಡು ಬರುವಂತೆ ಕೂರಿಸುವುದು. ಒಳ್ಳೆಯ ಮೇಸ್ತ್ರಿ ಇದನ್ನೇ ಕೇಳುತ್ತಾರೆ, ಯಾಕೆಂದರೆ ಗೋಡೆ ಪಕ್ಕ 10 ಸೆಂ.ಮೀ. ಪಟ್ಟಿ ಚೆನ್ನಾಗಿ ಕಾಣುವುದಿಲ್ಲ. ಗೋಡೆ ಸೊಟ್ಟವಿದ್ದರೆ ಸಣ್ಣ ಪಟ್ಟಿಯಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ.

ಈಗ ಉದ್ದಕ್ಕೆ ಐದು ಇಡೀ ಟೈಲ್, ಎರಡು ತುದಿಗೆ 37 ಸೆಂ.ಮೀ. ತುಂಡು. ಅಗಲಕ್ಕೆ ನಾಲ್ಕು ಇಡೀ ಟೈಲ್, ಎರಡು ತುದಿಗೆ 35 ಸೆಂ.ಮೀ. ತುಂಡು. 60ರಲ್ಲಿ 37 ಹೋದರೆ ಉಳಿಯುವ 23ರಿಂದ ಇನ್ನೊಂದು 37 ಬರುವುದಿಲ್ಲ. ಅಂದರೆ ಒಂದೊಂದು ತುಂಡಿಗೂ ಒಂದೊಂದು ಟೈಲ್. ಏಳು ಸಾಲು, ಆರು ಸಾಲು, ಒಟ್ಟು 42 ಟೈಲ್ಸ್. ಒಡೆಯುವುದಕ್ಕೆ ಎರಡು ಸೇರಿಸಿದರೆ 44, ಸರಿಯಾಗಿ 11 ಬಾಕ್ಸ್, 11,000 ರೂಪಾಯಿ.

ನೆಲದ ಅಳತೆಯನ್ನಷ್ಟೇ ಭಾಗಿಸಿದರೆ ಬೇಕಾಗಿದ್ದು 32.6 ಟೈಲ್. ಹಿಡಿದಿದ್ದು 42. ವೇಸ್ಟೇಜ್ 29 ಪರ್ಸೆಂಟ್ ಆಯಿತು! ಟೈಲ್ಸ್ ರೇಟು ಚದರ ಅಡಿಗೆ 64.50 ಎಂದುಕೊಂಡಿದ್ದೆವು, ನೆಲದ ಮೇಲೆ ಬಿದ್ದಿದ್ದು 87 ರೂಪಾಯಿ. ಯಾರೂ ಮೋಸ ಮಾಡಿಲ್ಲ. ಕೋಣೆ ಚಿಕ್ಕದು, ಟೈಲ್ ದೊಡ್ಡದು, ಅಂಚಿನ ತುಂಡುಗಳೇ ಜಾಸ್ತಿ. ಇದೇ ಟೈಲ್ ದೊಡ್ಡ ಹಾಲ್‌ಗೆ ಹಾಕಿದರೆ ಇಡೀ ಟೈಲ್‌ಗಳ ಪಾಲು ಹೆಚ್ಚಿ, ಹತ್ತು ಪರ್ಸೆಂಟ್ ಅನ್ನುವುದು ಹತ್ತಿರಹತ್ತಿರ ಸರಿಯಾಗುತ್ತದೆ.

ಸ್ಕರ್ಟಿಂಗ್ ಸೇರಿಸಿದರೆ ಲೆಕ್ಕ ತಿರುಗುತ್ತದೆ

ಹಾಗಾದರೆ ಮೊದಲನೇ ದಾರಿಯೇ ಅಗ್ಗ ಅಲ್ವಾ? ಸ್ಕರ್ಟಿಂಗ್ ಬೇರೆ ಸಾಮಾನಿನದ್ದಾದರೆ ಹೌದು. ಅದೇ ಟೈಲ್‌ನಿಂದ ಮಾಡುವುದಾದರೆ ಇನ್ನೊಂದು ಸಲ ಎಣಿಸಬೇಕು.

ಕೋಣೆಯ ಸುತ್ತಳತೆ 1,376 ಸೆಂ.ಮೀ. ಬಾಗಿಲಿಗೆ 90 ಕಳೆದರೆ 1,286. ಒಂದು ಪಟ್ಟಿ 60 ಸೆಂ.ಮೀ. ಉದ್ದ, ಹಾಗಾಗಿ 22 ಪಟ್ಟಿ ಬೇಕು. ಎತ್ತರ 10 ಸೆಂ.ಮೀ. ಇರಲಿ. ಸ್ಕರ್ಟಿಂಗ್‌ನ ಮೇಲಂಚು ಕಣ್ಣಿಗೆ ಬೀಳುವಂಥದ್ದು. ಅಲ್ಲೂ ನುಣುಪು ಅಂಚೇ ಬೇಕು.

ಮೊದಲನೇ ದಾರಿಯಲ್ಲಿ ಉಳಿದಿದ್ದು ನಡುವಿನ ತುಂಡುಗಳು. ಅವುಗಳ ಎರಡೂ ಉದ್ದದ ಬದಿ ಕತ್ತರಿಸಿದ್ದು. ಒಂದೊಂದನ್ನೂ ಉಜ್ಜಿ ನುಣುಪು ಮಾಡಲು ಕೂಲಿ ಕೊಡಬೇಕು. ಬೇಡವೆಂದರೆ ಹೊಸ ಟೈಲ್‌ನ ಎರಡು ತುದಿಯಿಂದ ಎರಡೆರಡು ಪಟ್ಟಿ ತೆಗೆಯಬೇಕು, ಅದಕ್ಕೆ 11 ಟೈಲ್. 36ಕ್ಕೆ 11 ಸೇರಿ 47, ಅಂದರೆ 12 ಬಾಕ್ಸ್.

ಎರಡನೇ ದಾರಿಯಲ್ಲಿ ಗೋಡೆ ಬದಿಗೆ ಕತ್ತರಿಸಿದ ಟೈಲ್ಸ್ ಎಷ್ಟು? 42ರಲ್ಲಿ ನಡುವಿನ 20 ಇಡೀ ಟೈಲ್ ಬಿಟ್ಟು ಉಳಿದ 22. ಪ್ರತಿಯೊಂದರಿಂದಲೂ 23 ಅಥವಾ 25 ಸೆಂ.ಮೀ. ಅಗಲದ, 60 ಉದ್ದದ ತುಂಡು ಉಳಿದಿದೆ. ಅದರ ಹೊರಬದಿಯಲ್ಲಿ ಕಾರ್ಖಾನೆಯ ಅಂಚು ಹಾಗೇ ಇದೆ. ಮೂಲೆಯ ನಾಲ್ಕು ಟೈಲ್‌ಗಳಲ್ಲೂ ಸಿಗುತ್ತದೆ, ಆದರೆ ಮೊದಲು ಉದ್ದಕ್ಕೆ ಪೂರ್ತಿ ಕತ್ತರಿಸಿ, ಆಮೇಲೆ ಅಡ್ಡಕ್ಕೆ ಕತ್ತರಿಸಬೇಕು. ಮೂಲೆಗೆ ಎಂದು ಒಂದೇ ಸಲಕ್ಕೆ ‘ಎಲ್’ ಆಕಾರದಲ್ಲಿ ತೆಗೆದರೆ ಆ ಪಟ್ಟಿ ಹೋಯಿತು.

ಬೇಕಾಗಿದ್ದು 22, ಸಿಕ್ಕಿದ್ದು 22. ಪಟ್ಟಿ ತೆಗೆದ ಮೇಲೂ ಇನ್ನೊಂದು ಪಟ್ಟಿಯಷ್ಟು ಅಗಲ ಉಳಿಯುತ್ತದೆ. ಒಂದೆರಡು ಒಡೆದರೆ ಆ ಎರಡನೇ ಪಟ್ಟಿಯನ್ನು ಉಜ್ಜಿ ಮಂಚದ ಹಿಂದೆ ಹಾಕಬಹುದು. ಹನ್ನೊಂದೇ ಬಾಕ್ಸ್‌ನಲ್ಲಿ ನೆಲವೂ ಮುಗಿಯಿತು, ಸ್ಕರ್ಟಿಂಗೂ ಮುಗಿಯಿತು. ಮೇಲೆ ಎರಡು ಇಡೀ ಟೈಲ್ ಕೈಯಲ್ಲಿದೆ, ಬಾಗಿಲ ಹೊಸಿಲ ಬಳಿ ತುಂಡು ಬೇಕಾದರೆ ಅದರಲ್ಲೇ ತೆಗೆಯಬಹುದು. ದುಬಾರಿ ಅನಿಸಿದ ದಾರಿಯೇ ಒಂದು ಬಾಕ್ಸ್ ಕಡಿಮೆಗೆ ಬಂತು.

ಮರದ ಗೆರೆಯಂಥ, ಒಂದೇ ದಿಕ್ಕಿಗೆ ಓಡುವ ಡಿಸೈನ್ ಆದರೆ ಈ ಕೊನೆಯ ಲೆಕ್ಕ ಹಾಗೇ ನಡೆಯುವುದಿಲ್ಲ. ಉಳಿದ ತುಂಡುಗಳಲ್ಲಿ ಕೆಲವದರಲ್ಲಿ ಗೆರೆ ಉದ್ದಕ್ಕಿದ್ದರೆ ಕೆಲವದರಲ್ಲಿ ಅಡ್ಡಕ್ಕಿರುತ್ತದೆ, ಒಂದೇ ಗೋಡೆಗೆ ಎರಡೂ ಹೊಂದುವುದಿಲ್ಲ. ಟೈಲ್ಸನ್ನು ಕರ್ಣಕ್ಕೆ, ಅಂದರೆ ವಜ್ರದ ಆಕಾರದಲ್ಲಿ ಕೂರಿಸುವುದಾದರೆ ಸುಮ್ನೆ ಸಾಲು ಎಣಿಸಿ ಪ್ರಯೋಜನವಿಲ್ಲ, ಮೇಸ್ತ್ರಿಯ ಜತೆ ಕೂತು ಚಿತ್ರ ಬರೆಸಿಕೊಳ್ಳಿ.

ಎಷ್ಟೇ ಬಾಕ್ಸ್ ತಂದರೂ ಎಲ್ಲದರ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರ್ ಗಾಡಿಯಿಂದ ಇಳಿಸುವ ಮೊದಲೇ ಓದಿ. ಒಂದು ಬಾಕ್ಸ್ ಬೇರೆಯಾಗಿದ್ದರೆ ಅಲ್ಲೇ ವಾಪಸ್ ಕಳಿಸಿ. ಬಿಚ್ಚಿ, ನೆನೆಸಿ, ಎರಡು ಸಾಲು ಕೂರಿಸಿದ ಮೇಲೆ ಯಾರೂ ಬದಲಾಯಿಸಿಕೊಡುವುದಿಲ್ಲ.