ಶಸ್ತ್ರಚಿಕಿತ್ಸೆಗೆ ಮುನ್ನ ‘ವಿಡಿಆರ್‌ಎಲ್ ರಿಯಾಕ್ಟಿವ್’ ಬಂದರೆ ಮುಂದೇನು?

ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ವರ್ಷಗಳಿಂದ ರಕ್ತಪರೀಕ್ಷೆಯ ವರದಿಗಳಿಗೆ ಸಹಿ ಹಾಕುತ್ತಿರುವ ನನಗೆ, ಪಿತ್ತಕೋಶದ ಅಥವಾ ಹರ್ನಿಯಾದ ಆಪರೇಷನ್‌ಗೆಂದು ಬಂದವರು ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಇರಬಹುದೆಂದು ಹೇಳುವ ‘ವಿಡಿಆರ್‌ಎಲ್ ರಿಯಾಕ್ಟಿವ್’ ವರದಿ ಹಿಡಿದು ಕಂಗಾಲಾಗಿ ನಿಲ್ಲುವುದು ಹೊಸದಲ್ಲ. ಕಳೆದ ಬೇಸಿಗೆಯಲ್ಲಿ ಚಿತ್ತಾಪುರ ಕಡೆಯ ಐವತ್ತು ದಾಟಿದ ಮಹಿಳೆಯೊಬ್ಬರ ಮಗ ಅಂಥದೇ ವರದಿ ತಂದು, “ನಮ್ಮವ್ವಗ ಇದೆಂಥಾ ಬ್ಯಾನಿರೀ ಸಾಹೇಬ್ರ?” ಎಂದು ಕೇಳಿದರು. ಆಪರೇಷನ್ ಮುಂದಕ್ಕೆ ಹೋಗಿತ್ತು, ಮನೆಯಲ್ಲಿ ತಂದೆಯೊಡನೆ ಯಾರೂ ಮಾತನಾಡುತ್ತಿರಲಿಲ್ಲ.

ಮೊದಲು ಮಾಡಬೇಕಾದದ್ದು, ಪರೀಕ್ಷೆಯನ್ನು ಯಾವ ವಿಧಾನದಲ್ಲಿ ಮಾಡಿದರೆಂದು ಕೇಳುವುದು. ವರದಿಯಲ್ಲಿ ‘ವಿಡಿಆರ್‌ಎಲ್’ ಎಂದು ಅಚ್ಚಾಗಿದ್ದರೂ ಎಷ್ಟೋ ಕಡೆ ನಿಜವಾಗಿ ಮಾಡಿರುವುದು ಗೆರೆ ಮೂಡುವ ಕಾರ್ಡ್ ಟೆಸ್ಟ್; ಆ ತಾಯಿಗೆ ಮಾಡಿದ್ದೂ ಅದೇ. ಇವೆರಡೂ ಬೇರೆ ಬೇರೆ ಜಾತಿಯವು. ವಿಡಿಆರ್‌ಎಲ್ ಮತ್ತು ಆರ್‌ಪಿಆರ್ ಪರೀಕ್ಷೆಗಳು ರೋಗಾಣುವನ್ನೇ ಗುರಿಯಾಗಿಸಿಕೊಂಡ ಪ್ರತಿಕಾಯವನ್ನು ಹುಡುಕುವುದಿಲ್ಲ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಶದ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು ಹುಡುಕುತ್ತವೆ. ಆದ್ದರಿಂದ ಗರ್ಭಾವಸ್ಥೆ, ಮಲೇರಿಯಾ, ಕುಷ್ಠ, ಲೂಪಸ್, ಕೆಲವೊಮ್ಮೆ ಬರೀ ಇಳಿವಯಸ್ಸು ಕೂಡ ಅವನ್ನು ರಿಯಾಕ್ಟಿವ್ ಮಾಡಬಲ್ಲವು. ಕಾರ್ಡ್, ಟಿಪಿಎಚ್‌ಎ ಮತ್ತು ಯಂತ್ರದಲ್ಲಿ ಮಾಡುವ ಕ್ಲಿಯಾ ಪರೀಕ್ಷೆಗಳು ಟ್ರೆಪೊನೀಮಾ ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ಹುಡುಕುತ್ತವೆ, ಆದರೆ ರೋಗ ಗುಣವಾದ ಮೇಲೂ ಅವು ಸಾಮಾನ್ಯವಾಗಿ ಜೀವನಪೂರ್ತಿ ರಿಯಾಕ್ಟಿವ್ ಆಗಿಯೇ ಉಳಿಯುತ್ತವೆ.

ಎರಡನೆಯದಾಗಿ, ಹೊಸದಾಗಿ ರಕ್ತ ತೆಗೆಸಿ ಆರ್‌ಪಿಆರ್ ಮತ್ತು ಟಿಪಿಎಚ್‌ಎ ಎರಡನ್ನೂ ಒಟ್ಟಿಗೆ ಮಾಡಿಸಬೇಕು. ಅದೇ ಕಂಪನಿಯ ಕಾರ್ಡ್ ಮೇಲೆ ಮತ್ತೆ ರಕ್ತ ಹಾಕಿ ‘ಖಚಿತವಾಯಿತು’ ಎನ್ನುವುದು ಅಡ್ಡದಾರಿ. ಮೊದಲ ಸಲ ದಾರಿ ತಪ್ಪಿಸಿದ ಪ್ರತಿಕಾಯ ಎರಡನೆಯ ಸಲವೂ ತಪ್ಪಿಸುತ್ತದೆ. ಫಲಿತಾಂಶ ಓದಲು ಡಬ್ಬಿಯ ಮೇಲೆ ಬರೆದ ಸಮಯ ಮೀರಿದ ಮೇಲೆ ಮೂಡಿದ ಗೆರೆಯನ್ನಂತೂ ಲೆಕ್ಕಕ್ಕೆ ಹಿಡಿಯಲೇಬಾರದು.

ಆರ್‌ಪಿಆರ್ ಸುಲಭವೆಂದು ಕಾಣುವುದರಿಂದಲೇ ಕೆಡುತ್ತದೆ. ಸೀರಮ್‌ಗೆ ಇದ್ದಿಲಿನ ಕಣಗಳಿರುವ ರೀಏಜೆಂಟ್ ಬೆರೆಸಿ, ನಿಮಿಷಕ್ಕೆ 100 ಸುತ್ತಿನ ತಿರುಗುಮಣೆಯ ಮೇಲೆ ಸರಿಯಾಗಿ 8 ನಿಮಿಷ ತಿರುಗಿಸಿದ ಮೇಲೆ ಕಪ್ಪು ಗಂಟು ಕಟ್ಟಿದೆಯೇ ಎಂದು ನೋಡಬೇಕು. ಕೋಣೆಯ ಉಷ್ಣಾಂಶ 23ರಿಂದ 29 ಡಿಗ್ರಿಯೊಳಗಿರಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಮಾಡಿದ ಆರ್‌ಪಿಆರ್ ಅನ್ನು ನಾನು ನಂಬುವುದಿಲ್ಲ. ಸೀರಮ್ ಅನ್ನು ನೀರಾಗಿಸಿಯೂ ನೋಡಬೇಕು, ಏಕೆಂದರೆ ಪ್ರತಿಕಾಯ ವಿಪರೀತವಾಗಿದ್ದರೆ ಗಂಟು ಕಟ್ಟದೆ ಸುಳ್ಳು ನೆಗೆಟಿವ್ ಬರುತ್ತದೆ. ರಿಯಾಕ್ಟಿವ್ ಬಂದರೆ 1:2, 1:4, 1:8 ಎಂದು ಟೈಟರ್, ಅಂದರೆ ಎಷ್ಟರವರೆಗೆ ನೀರಾಗಿಸಿದರೂ ಗಂಟು ಕಟ್ಟುತ್ತದೆ ಎಂಬುದನ್ನು, ಬರೆಯಿಸಿಕೊಳ್ಳಿ. ಟೈಟರ್ ಇಲ್ಲದ ವರದಿಯನ್ನು ವಾಪಸ್ ಕಳುಹಿಸಿ.

ಈಗ ಫಲಿತಾಂಶಗಳನ್ನು ಹೊಂದಿಸಿ ಓದುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಆ ತಾಯಿಯ ಆರ್‌ಪಿಆರ್ ನೀರಾಗಿಸಿದಾಗಲೂ ನಾನ್‌ರಿಯಾಕ್ಟಿವ್ ಬಂತು. ಟಿಪಿಎಚ್‌ಎ ತಟ್ಟೆಯ ಕುಳಿಯ ತಳದಲ್ಲಿ ರಕ್ತಕಣಗಳು ಚಾಪೆಯಂತೆ ಹರಡದೆ ಗುಂಡಿಯಂತೆ ಒತ್ತಾಗಿ ಕುಳಿತಿದ್ದವು, ಎಂದರೆ ಅದೂ ನೆಗೆಟಿವ್. ಹುಣ್ಣು, ದದ್ದು, ಗಂಟು ಯಾವುದೂ ಇರಲಿಲ್ಲ. ಹೀಗಿದ್ದಾಗ ಕಾರ್ಡ್ ಹೇಳಿದ್ದು ಸುಳ್ಳು ರಿಯಾಕ್ಟಿವ್. ಇದು ಅಪರೂಪವೂ ಅಲ್ಲ: ಸಾವಿರ ಜನರಲ್ಲಿ ಐವರಿಗೆ ಮಾತ್ರ ರೋಗವಿದ್ದು, ಪರೀಕ್ಷೆ ನೂರು ಆರೋಗ್ಯವಂತರಲ್ಲಿ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ ಎಂದುಕೊಂಡರೆ, ನಿಜವಾದ ಐವರ ಜೊತೆಗೆ ಸುಮಾರು ಹತ್ತು ನಿರ್ದೋಷಿಗಳೂ ಸಿಕ್ಕಿಬೀಳುತ್ತಾರೆ.

ಆರ್‌ಪಿಆರ್ ಕಡಿಮೆ ಟೈಟರ್‌ನಲ್ಲಿ ರಿಯಾಕ್ಟಿವ್ ಆಗಿ ಟಿಪಿಎಚ್‌ಎ ನೆಗೆಟಿವ್ ಬಂದರೂ ಸಾಮಾನ್ಯವಾಗಿ ಅದು ಸುಳ್ಳು ರಿಯಾಕ್ಟಿವ್; ಅದರ ಹಿಂದಿನ ಕಾರಣವನ್ನು ಹುಡುಕಬೇಕು. ಟಿಪಿಎಚ್‌ಎ ಪಾಸಿಟಿವ್ ಆಗಿ ಆರ್‌ಪಿಆರ್ ನೆಗೆಟಿವ್ ಬಂದಾಗ ಮಾತ್ರ ಕುಳಿತು ಮಾತನಾಡಬೇಕಾಗುತ್ತದೆ. ಅದು ಎಂದೋ ಚಿಕಿತ್ಸೆ ಪಡೆದ ಹಳೆಯ ಸೋಂಕಿನ ಗುರುತಾಗಿರಬಹುದು, ಚಿಕಿತ್ಸೆಯಿಲ್ಲದೆ ಅಡಗಿರುವ ಸೋಂಕಾಗಿರಬಹುದು, ತೀರಾ ಹೊಸದೂ ಆಗಿರಬಹುದು. ಈ ಪ್ರಶ್ನೆಗಳನ್ನು ಮನೆಯವರನ್ನು ಹೊರಗೆ ಕಳುಹಿಸಿ ಕೇಳಬೇಕು. ಹೊಸ ಸೋಂಕಿನ ಅನುಮಾನವಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ಪರೀಕ್ಷೆ ಮರುಮಾಡಬೇಕು. ಎಂದೂ ಚಿಕಿತ್ಸೆಯಾಗಿಲ್ಲವೆಂದರೆ, ನರ ಮತ್ತು ಕಣ್ಣಿನ ಲಕ್ಷಣಗಳಿಲ್ಲವೆಂದು ನೋಡಿಕೊಂಡು, 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಅನ್ನು ವಾರಕ್ಕೊಂದರಂತೆ ಮೂರು ಸಲ ಕೊಡುತ್ತಾರೆ. ‘ಇರಲಿ ಬಿಡಿ’ ಎಂದು ಯಾವ ವಿಚಾರಣೆಯೂ ಇಲ್ಲದೆ ಒಂದೇ ಇಂಜೆಕ್ಷನ್ ಚುಚ್ಚಿ ಆಪರೇಷನ್‌ಗೆ ಕರೆದೊಯ್ಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮುಂದೆ ಯಾರಿಗೂ ಆ ಲೆಕ್ಕ ಬಿಡಿಸಲಾಗುವುದಿಲ್ಲ.

ಇಷ್ಟಕ್ಕೂ ಈ ಒಂದು ವರದಿಗಾಗಿ ಆಪರೇಷನ್ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಗ್ಲೌಸ್ ಮತ್ತು ಸೂಜಿಯ ಎಚ್ಚರಿಕೆ ಎಲ್ಲ ರೋಗಿಗಳಿಗೂ ಒಂದೇ.

ಆ ತಾಯಿಯ ಪಿತ್ತಕೋಶದ ಆಪರೇಷನ್ ಮುಂದಿನ ವಾರ ಮುಗಿಯಿತು. ಪತಿಗೆ ಪರೀಕ್ಷೆ ಬೇಕಾಗಲಿಲ್ಲ. ‘ಕಾರ್ಡ್ ರಿಯಾಕ್ಟಿವ್, ಆರ್‌ಪಿಆರ್ ಮತ್ತು ಟಿಪಿಎಚ್‌ಎ ನಾನ್‌ರಿಯಾಕ್ಟಿವ್, ಸುಳ್ಳು ರಿಯಾಕ್ಟಿವ್’ ಎಂದು ದಿನಾಂಕ ಸಮೇತ ಬರೆದುಕೊಟ್ಟು, ಆ ಚೀಟಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಡಲು ಮಗನಿಗೆ ಹೇಳಿದೆ, ಏಕೆಂದರೆ ನಾಳೆ ಕಣ್ಣಿನ ಪೊರೆಯ ಆಪರೇಷನ್‌ಗೆ ಹೋದಾಗ ಅಂಥದೇ ಕಾರ್ಡಿನಲ್ಲಿ ಅದೇ ಗೆರೆ ಮತ್ತೆ ಮೂಡಬಹುದು.